ಇಂಟರ್‌ವ್ಯೂ ಮುಗಿದ ಮೇಲೆ ಕೇಳಿದ ಎರಡು ಪ್ರಶ್ನೆ

ಕೊನೆಯ ಸುತ್ತಿನಲ್ಲಿ ಮೂವರು ನನ್ನನ್ನು ಬೇರೆ ಬೇರೆಯಾಗಿ ಮಾತಾಡಿಸಿದರು. ಕೆಲಸ ಕಸ್ಟಮರ್ ಸಪೋರ್ಟ್ ತಂಡದ ಲೀಡ್. ಸಣ್ಣ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ, ತಂಡದಲ್ಲಿ ಏಳು ಜನ. ಮೂವರಿಗೂ ನಾನು ಒಂದೇ ಪ್ರಶ್ನೆ ಕೇಳಿದೆ: "ಈ ಕೆಲಸ ಚೆನ್ನಾಗಿ ನಡೀತಿದೆ ಅಂತ ನಿಮಗೆ ಯಾವುದರಿಂದ ಗೊತ್ತಾಗುತ್ತೆ?"

ನನ್ನ ಮ್ಯಾನೇಜರ್ ಆಗಬೇಕಿದ್ದವರು, "ಗ್ರಾಹಕರಿಗೆ ಬೇಗ ಉತ್ತರ ಸಿಗಬೇಕು, ಅವರು ಖುಷಿಯಾಗಿರಬೇಕು" ಅಂದರು. ಪ್ರಾಡಕ್ಟ್ ಕಡೆಯ ಮ್ಯಾನೇಜರ್, "ಅದೇ ದೂರು ಮತ್ತೆ ಮತ್ತೆ ಬರಬಾರದು. ಯಾವುದು ಯಾಕೆ ಬರ್ತಿದೆ ಅಂತ ಲೀಡ್ ನಮಗೆ ಹೇಳಬೇಕು" ಅಂದರು. ತಂಡದ ಹಳೆಯ ಸದಸ್ಯೆಯೊಬ್ಬರು ಸ್ವಲ್ಪ ಯೋಚಿಸಿ ಹೇಳಿದ್ದು ಇಷ್ಟು: "ಸೋಮವಾರ ಬೆಳಿಗ್ಗೆ ನಮಗೆ ಉಸಿರಾಡೋಕೆ ಆಗಬೇಕು ಸಾರ್."

ಮೂರೂ ಒಳ್ಳೆಯ ಮಾತುಗಳೇ. ಆದರೆ ಮೂರೂ ಬೇರೆ ಬೇರೆ ಕೆಲಸ. ಗ್ರಾಹಕರು ಕಳಿಸುವ ಒಂದೊಂದು ದೂರನ್ನೂ ಪ್ರಶ್ನೆಯನ್ನೂ ಸಪೋರ್ಟ್‌ನಲ್ಲಿ ಟಿಕೆಟ್ ಅನ್ನುತ್ತಾರೆ. ಬೇಗ ಉತ್ತರ ಕೊಡಬೇಕು ಅಂದರೆ ಜನ ಟಿಕೆಟ್ ಮುಂದೆ ಕೂತಿರಬೇಕು. ದೂರಿನ ಕಾರಣ ಹುಡುಕಬೇಕು ಅಂದರೆ ಅದೇ ಜನ ಟಿಕೆಟ್ ಬಿಟ್ಟು ಎದ್ದು ಬಂದು ಹಳೆಯದನ್ನು ಓದಬೇಕು. ಏಳು ಜನರ ತಂಡದಲ್ಲಿ ಮೊದಲ ಮೂರು ತಿಂಗಳು ಎರಡನ್ನೂ ಮಾಡಲು ಹೋದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಈ ಮೂವರಲ್ಲಿ ಯಾರ ಮಾತಿನ ಮೇಲೆ ನನ್ನ ಕೆಲಸ ಅಳೆಯುತ್ತಾರೆ ಅನ್ನುವುದು ಸೇರುವ ಮೊದಲೇ ನನಗೆ ಗೊತ್ತಾಗಬೇಕಿತ್ತು.

ಇಂಟರ್‌ವ್ಯೂ ನಡೆಯುವ ಹೊತ್ತಿನಲ್ಲಿ ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವುದು ಅಪರೂಪ. ಎದುರಿಗಿರುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಅವರ ತಲೆಯಲ್ಲಿ ಆಗ ಓಡುತ್ತಿರುವುದು ನಮ್ಮ ಬಗ್ಗೆ, ತಮ್ಮ ಅಂಕಿಗಳ ಬಗ್ಗೆ ಅಲ್ಲ. ಕೈಗೆ ಸಿಕ್ಕ ಮೊದಲ ಮಾತು ಹೇಳಿ ಮುಂದೆ ಹೋಗುತ್ತಾರೆ. ಬರೆದು ಕೇಳಿದರೆ ಅವರಿಗೆ ಡ್ಯಾಶ್‌ಬೋರ್ಡ್ ತೆಗೆದು ನೋಡಲು ಸಮಯ ಸಿಗುತ್ತದೆ. ಪಕ್ಕದವರನ್ನು ಕೇಳಲೂ ಆಗುತ್ತದೆ. ಹಾಗಾಗಿ ಧನ್ಯವಾದದ ಮೇಲ್‌ನಲ್ಲೇ ಇದನ್ನು ಕೇಳೋಣ ಅಂದುಕೊಂಡೆ.

ಅಂದು ಸಂಜೆಯೇ ಮೂವರೂ ಹೇಳಿದ್ದನ್ನು ಅವರವರ ಮಾತಿನಲ್ಲೇ ಬರೆದಿಟ್ಟುಕೊಂಡೆ. ಒಂದು ರಾತ್ರಿ ಕಳೆದರೆ ಮೂರೂ ಸೇರಿ ಒಂದೇ ಮಾತಿನ ಹಾಗೆ ನೆನಪಿನಲ್ಲಿ ಉಳಿಯುತ್ತವೆ, ಆಗ ಅವುಗಳ ನಡುವಿನ ವ್ಯತ್ಯಾಸವೇ ಕಾಣುವುದಿಲ್ಲ. ಮೇಲ್ ಕಳಿಸಿದ್ದು ಮರುದಿನ ಬೆಳಿಗ್ಗೆ. ಯಾರಿಗೆ ಕಳಿಸಬೇಕು ಅನ್ನುವುದೂ ಇಲ್ಲಿ ಮುಖ್ಯ. ಅಳೆಯುವವರು ಮ್ಯಾನೇಜರ್, ಆದ್ದರಿಂದ ಪ್ರಶ್ನೆ ಅವರಿಗೇ ಹೋಗಬೇಕು. ಅವರ ಮೇಲ್ ವಿಳಾಸ ಇಂಟರ್‌ವ್ಯೂ ಆಹ್ವಾನದಲ್ಲೇ ಇತ್ತು. ಎಚ್‌ಆರ್‌ನವರನ್ನು ಕಾಪಿಯಲ್ಲಿ ಇಟ್ಟೆ. ಮ್ಯಾನೇಜರ್ ವಿಳಾಸ ಇಲ್ಲದಿದ್ದರೆ ಎಚ್‌ಆರ್‌ಗೆ ಬರೆದು, "ಇದನ್ನು ದಯವಿಟ್ಟು ಅವರಿಗೆ ತಲುಪಿಸಿ" ಅಂತ ಕೇಳಬಹುದು. ಎಚ್‌ಆರ್‌ನವರೇ ಉತ್ತರ ಬರೆದರೆ ಮಾತ್ರ ಅದು ಸಾಮಾನ್ಯವಾಗಿ ಕೆಲಸದ ಜಾಹೀರಾತಿನ ಸಾಲುಗಳೇ ಆಗಿರುತ್ತವೆ.

ಪ್ರಶ್ನೆಗಳ ಪಟ್ಟಿ ಮೊದಲು ಉದ್ದವಾಗಿತ್ತು. ಮೊದಲ ವಾರ ಏನು, ಟ್ರೈನಿಂಗ್ ಯಾರು ಕೊಡುತ್ತಾರೆ, ವಾರಕ್ಕೆ ಎಷ್ಟು ಮೀಟಿಂಗ್, ಬಡ್ತಿ ಯಾವಾಗ ಅಂತೆಲ್ಲ. ಸೇರಿದ ಮೇಲೂ ತಿಳಿಯಬಹುದಾದದ್ದನ್ನೆಲ್ಲ ತೆಗೆದುಹಾಕಿದೆ. ಆಫರ್ ಒಪ್ಪಬೇಕೋ ಬೇಡವೋ ಅನ್ನುವುದನ್ನು ಬದಲಿಸಬಲ್ಲ ಎರಡು ಪ್ರಶ್ನೆ ಮಾತ್ರ ಉಳಿದವು. ಕಳಿಸಿದ ಮೇಲ್ ಹೀಗಿತ್ತು:

"ನಿನ್ನೆ ಸಮಯ ಕೊಟ್ಟು ಮಾತಾಡಿದ್ದಕ್ಕೆ ಧನ್ಯವಾದ. ತಿಂಗಳ ಕೊನೆಯಲ್ಲಿ ಟಿಕೆಟ್‌ಗಳು ಹೇಗೆ ಏರುತ್ತವೆ ಅಂತ ನೀವು ವಿವರಿಸಿದ್ದು ನನಗೆ ತುಂಬ ಉಪಯೋಗವಾಯಿತು. ಆಮೇಲೂ ಅದರ ಬಗ್ಗೆ ಯೋಚಿಸುತ್ತಿದ್ದೆ.

ಈ ಕೆಲಸ ನನಗೆ ಹಿಡಿಸಿದೆ. ಇದನ್ನು ಇನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಲು ಎರಡು ವಿಷಯ ಕೇಳಬೇಕಿತ್ತು.

ಒಂದು, ಮೊದಲ 90 ದಿನ ಮುಗಿದಾಗ ಈಗಿರುವುದಕ್ಕಿಂತ ಯಾವ ಒಂದೆರಡು ವಿಷಯ ಬದಲಾಗಿದ್ದರೆ ಸರಿಯಾದವರನ್ನೇ ತೆಗೆದುಕೊಂಡೆವು ಅಂತ ನಿಮಗೆ ಅನ್ನಿಸುತ್ತದೆ? ಎರಡು, ಆ ಬದಲಾವಣೆಯನ್ನು ನೀವು ಯಾವ ಅಂಕಿಯಲ್ಲಿ ನೋಡುತ್ತೀರಿ, ಆ ಅಂಕಿ ಇವತ್ತು ಸುಮಾರು ಎಷ್ಟಿದೆ?

ಬೇಗ ಉತ್ತರ ಕೊಡುವುದು, ಒಂದೇ ದೂರು ಮರಳಿ ಬರದಂತೆ ನೋಡುವುದು, ಎರಡರ ಮಾತೂ ನಿನ್ನೆ ಬಂತು. ಮೊದಲ ಮೂರು ತಿಂಗಳಲ್ಲಿ ಯಾವುದು ಮುಂದೆ ಅಂತ ತಿಳಿದರೆ ಒಳ್ಳೆಯದು. ನಾಲ್ಕು ಸಾಲಿನ ಉತ್ತರ ಸಾಕು. ಫೋನ್‌ನಲ್ಲಿ ಮಾತಾಡುವುದು ಸುಲಭ ಅನ್ನಿಸಿದರೆ ಅದೂ ಸರಿ."

ಎರಡನೇ ಪ್ರಶ್ನೆಯ ಕೊನೆಯ ತುಂಡು, "ಇವತ್ತು ಎಷ್ಟಿದೆ" ಅನ್ನುವುದು, ಇಡೀ ಮೇಲ್‌ನ ತಿರುಳು ಅಂತ ನನ್ನ ಅಭಿಪ್ರಾಯ. ಗುರಿ ಏನು ಅಂತ ಕೇಳಿದರೆ ಯಾರು ಬೇಕಾದರೂ ಒಂದು ಸಂಖ್ಯೆ ಹೇಳಬಹುದು. ಇವತ್ತಿನ ಅಂಕಿ ಹೇಳಬೇಕಾದರೆ ಅದನ್ನು ಅಳೆಯುತ್ತಿರಬೇಕು. ಅಳೆಯದೇ ಇದ್ದರೆ ಅದೂ ನಮಗೆ ಗೊತ್ತಾಗುತ್ತದೆ. ಆಗ 90 ದಿನದ ಕೊನೆಯಲ್ಲಿ ನಮ್ಮ ಕೆಲಸವನ್ನು ಅಂಕಿ ನೋಡದೆ ಅನ್ನಿಸಿಕೆಯ ಮೇಲೆ ತೂಗುತ್ತಾರೆ ಅಂತ ಮೊದಲೇ ತಿಳಿದಂತಾಯಿತು.

ಮೂವರು ಮೂರು ಮಾತು ಹೇಳಿದರು ಅನ್ನುವುದನ್ನು ಮೇಲ್‌ನಲ್ಲಿ ದೂರಿನ ಹಾಗೆ ಬರೆಯಲಿಲ್ಲ. ಯಾರು ಏನಂದರು ಅಂತ ಹೆಸರು ಹಾಕಲೂ ಇಲ್ಲ. ಯಾವುದು ಮುಂದೆ ಅಂತ ಮಾತ್ರ ಕೇಳಿದೆ. ತಂಡದ ಸದಸ್ಯೆ ಸೋಮವಾರದ ಬಗ್ಗೆ ಹೇಳಿದ್ದನ್ನಂತೂ ಎಲ್ಲೂ ಎತ್ತಲಿಲ್ಲ. ಅವರು ನಂಬಿ ಹೇಳಿದ ಮಾತು ಅದು, ಅವರ ಮ್ಯಾನೇಜರ್‌ಗೆ ನನ್ನ ಕಡೆಯಿಂದ ಹೋಗಬಾರದು.

ಕೆಲವು ದಿನ ಏನೂ ಬರಲಿಲ್ಲ. ನಾನು ನೆನಪಿಸಲು ಹೋಗಲಿಲ್ಲ. ಇಂಥ ಮೇಲ್‌ಗೆ ಉತ್ತರ ತಡವಾಗುವುದು ಸಹಜ, ಏಕೆಂದರೆ ಉತ್ತರಿಸಲು ಅವರು ಏನನ್ನಾದರೂ ಹುಡುಕಬೇಕು. ಕೆಲವು ಕಡೆ ನೇಮಕದ ತೀರ್ಮಾನ ಆಗುವವರೆಗೆ ಅಭ್ಯರ್ಥಿಗೆ ನೇರವಾಗಿ ಬರೆಯಬಾರದು ಅಂತ ನಿಯಮವೂ ಇರುತ್ತದೆ. ಆಗ ಮೌನಕ್ಕೆ ಯಾವ ಅರ್ಥವೂ ಇಲ್ಲ, ಆಫರ್ ಬಂದ ಮೇಲೆ ಅದೇ ಪ್ರಶ್ನೆಯನ್ನು ಫೋನ್‌ನಲ್ಲಿ ಕೇಳಿದರಾಯಿತು.

ಮ್ಯಾನೇಜರ್ ಉತ್ತರ ಬಂತು. ಚುಟುಕಾಗಿ, ಆದರೆ ಕೆಲಸಕ್ಕೆ ಬರುವಂತೆ ಬರೆದಿದ್ದರು. ಮೊದಲ ತಿಂಗಳು ಲೀಡ್ ತಾನೇ ಟಿಕೆಟ್ ತೆಗೆದುಕೊಂಡು ಪ್ರಾಡಕ್ಟ್ ಕಲಿಯಬೇಕು. 90 ದಿನಕ್ಕೆ ಎರಡು ಗುರಿ. ಗ್ರಾಹಕರಿಗೆ ಮೊದಲ ಉತ್ತರ ಸಿಗಲು ಈಗ ಸರಾಸರಿ ಒಂಬತ್ತು ಗಂಟೆ ಹಿಡಿಯುತ್ತಿದೆ, ಅದು ನಾಲ್ಕಕ್ಕೆ ಇಳಿಯಬೇಕು. ಗ್ರಾಹಕರು ಕೊಡುವ ರೇಟಿಂಗ್ ಈಗ ಐದಕ್ಕೆ 4.2 ಇದೆ, ಅದು 4.5 ಆಗಬೇಕು. ದೂರಿನ ಕಾರಣ ಹುಡುಕುವುದು "ಆಮೇಲೆ ನೋಡೋಣ."

ಓದಿದಾಗ ಮೊದಲು ಸಮಾಧಾನವಾಯಿತು. ಅಂಕಿ ಇದೆ, ಇವತ್ತಿನ ಮಟ್ಟ ಇದೆ, ಯಾವುದು ಮುಂದೆ ಅನ್ನುವುದೂ ಇದೆ. ಆದರೆ ಒಂಬತ್ತು ಗಂಟೆ ಅನ್ನುವುದು ನನ್ನನ್ನು ಬಿಡಲಿಲ್ಲ. ಏಳು ಜನ ಹಗಲಿಡೀ ಕೂತಿರುವ ತಂಡದಲ್ಲಿ ಮೊದಲ ಉತ್ತರಕ್ಕೆ ಒಂಬತ್ತು ಗಂಟೆ ಹೇಗೆ ಹಿಡಿಯುತ್ತದೆ? ಸಪೋರ್ಟ್ ಕೆಲಸ ಮಾಡಿದವರಿಗೆ ಇಂಥ ಸರಾಸರಿ ಕಂಡ ಕೂಡಲೇ ಒಂದು ಅನುಮಾನ ಬರುತ್ತದೆ. ಗಡಿಯಾರ ರಜೆಯಲ್ಲೂ ಓಡುತ್ತಿದೆಯಾ?

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿದೆ. ಶುಕ್ರವಾರ ಸಂಜೆ ಏಳಕ್ಕೆ ತಂಡ ಮನೆಗೆ ಹೋದ ಹೊತ್ತಿಗೆ ಒಂದು ಟಿಕೆಟ್ ಬಂತು ಅಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದ ಕೂಡಲೇ ಅದಕ್ಕೆ ಉತ್ತರ ಕೊಟ್ಟರು. ಗಡಿಯಾರದ ಪ್ರಕಾರ 62 ಗಂಟೆ. ಈಗ ಹತ್ತು ಟಿಕೆಟ್ ತೆಗೆದುಕೊಳ್ಳಿ. ಒಂಬತ್ತಕ್ಕೆ ತಲಾ ಮೂರು ಗಂಟೆಯಲ್ಲಿ ಉತ್ತರ ಹೋಗಿದೆ, ಒಂದು ಮಾತ್ರ ಈ ಶುಕ್ರವಾರದ್ದು. ಒಟ್ಟು 27 ಮತ್ತು 62 ಸೇರಿ 89 ಗಂಟೆ, ಹತ್ತರಿಂದ ಭಾಗಿಸಿದರೆ 8.9. ಸರಾಸರಿ ಒಂಬತ್ತು ಗಂಟೆ ಅನ್ನುವ ಈ ತಂಡದಲ್ಲಿ ಹತ್ತರಲ್ಲಿ ಒಂಬತ್ತು ಜನ ಗ್ರಾಹಕರಿಗೆ ಮೂರೇ ಗಂಟೆಯಲ್ಲಿ ಉತ್ತರ ಸಿಕ್ಕಿದೆ! ಸಮಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ನಡುವಿನದ್ದನ್ನು ನೋಡಿದರೆ ಮೂರು ಗಂಟೆ ಅಂತಲೇ ಬರುತ್ತದೆ. ಕೆಲಸದ ಗಂಟೆಗಳನ್ನು ಮಾತ್ರ ಎಣಿಸಿದರೆ ಸರಾಸರಿಯೇ ಮೂರಕ್ಕಿಂತ ಕೆಳಗೆ ಇಳಿಯುತ್ತದೆ.

ಆ ಕಂಪನಿಯ ನಿಜವಾದ ಟಿಕೆಟ್‌ಗಳು ನನ್ನ ಮುಂದೆ ಇರಲಿಲ್ಲ, ಇದು ಸುಮ್ನೆ ಪರೀಕ್ಷೆಯ ಲೆಕ್ಕ. ಆದರೆ ಲೆಕ್ಕ ಹೀಗೇ ಇದ್ದರೆ ನಾನು ಒಪ್ಪಿಕೊಳ್ಳಲಿರುವ ಕೆಲಸವೇ ಬೇರೆ ಆಗುತ್ತದೆ. ಏಳೂ ಜನಕ್ಕೆ ಟ್ರೈನಿಂಗ್ ಕೊಟ್ಟು, ಉತ್ತರದ ಮಾದರಿಗಳನ್ನು ತಿದ್ದಿ, ಮೂರು ಗಂಟೆಯನ್ನು ಎರಡಕ್ಕೆ ಇಳಿಸಿದೆ ಅಂದುಕೊಳ್ಳಿ. ಒಟ್ಟು 18 ಮತ್ತು 62 ಸೇರಿ 80, ಸರಾಸರಿ ಎಂಟು. ತಂಡ ತೆಗೆದುಕೊಳ್ಳುವ ಸಮಯ ಮೂರನೇ ಒಂದು ಭಾಗ ಇಳಿದರೂ ನನ್ನ ಅಂಕಿ ಒಂಬತ್ತರಿಂದ ಎಂಟಕ್ಕೆ ಮಾತ್ರ ಬಂತು. ನಾಲ್ಕಕ್ಕೆ ಇಳಿಯಬೇಕು ಅಂದರೆ ಶನಿವಾರ, ಭಾನುವಾರ ಯಾರಾದರೂ ಕೂರಲೇಬೇಕು. ಹಾಗಾದರೆ ಶಿಫ್ಟ್ ಹಾಕುವವರು ಯಾರು? ನಾನಾ, ಬೇರೆಯವರಾ? ಸೋಮವಾರ ಉಸಿರಾಡಲು ಆಗಬೇಕು ಅಂದ ಆ ಸದಸ್ಯೆಯ ಮಾತು ಆಗ ನನಗೆ ಪೂರ್ತಿ ಅರ್ಥವಾಯಿತು.

ಇದನ್ನೆಲ್ಲ ಬರೆದು ಕಳಿಸಲಿಲ್ಲ. ಇನ್ನೂ ಸೇರದವನು ಅವರ ಅಂಕಿ ತಪ್ಪು ಅಂತ ಪಾಠ ಮಾಡಿದ ಹಾಗಾಗುತ್ತದೆ. ಎರಡನೇ ಮೇಲ್‌ನಲ್ಲಿ ಧನ್ಯವಾದ ಹೇಳಿ, ಎರಡೇ ವಿವರ ಕೇಳಿದೆ. "ಆ ಒಂಬತ್ತು ಗಂಟೆಯಲ್ಲಿ ವಾರದ ರಜೆಯ ಗಂಟೆಗಳೂ ಸೇರಿವೆಯಾ? ಶಿಫ್ಟ್ ಪಟ್ಟಿ ಮಾಡುವುದು ಲೀಡ್ ಕೆಲಸವಾ, ಬೇರೆ ತಂಡದ್ದಾ?"

ಈ ಸಲ ಅವರು ಫೋನ್ ಮಾಡಿದರು.

"ನೀವು ಕೇಳಿದ ಮೇಲೆ ತೆಗೆದು ನೋಡಿದೆ. ರಜೆಯೂ ಸೇರಿದೆ. ಶನಿವಾರ, ಭಾನುವಾರದ್ದನ್ನು ನಾನು ಯಾವತ್ತೂ ಬೇರೆ ಮಾಡಿ ನೋಡಿರಲಿಲ್ಲ" ಅಂದರು. ಮುಚ್ಚುಮರೆ ಇಲ್ಲದೆ ಹಾಗೆ ಹೇಳಿದ್ದು ನನಗೆ ಹಿಡಿಸಿತು. ಕೆಲಸದ ದಿನಗಳಲ್ಲಿ ಬಂದ ಟಿಕೆಟ್‌ಗಳಿಗೆ ಮೂರು ಗಂಟೆ ಆಸುಪಾಸು ಹಿಡಿಯುತ್ತಿತ್ತು. ಉಳಿದ ಭಾರವೆಲ್ಲ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗಿನದ್ದು.

"ಶಿಫ್ಟ್ ಪಟ್ಟಿ?"

"ಅದು ಆಪರೇಷನ್ಸ್‌ನವರ ಹತ್ತಿರ ಇದೆ. ನಮ್ಮ ತಂಡ ಮಾತ್ರ ಅಲ್ಲ, ಇನ್ನೂ ಎರಡು ತಂಡಗಳಿಗೂ ಅವರೇ ಹಾಕ್ತಾರೆ."

"ಹಾಗಾದ್ರೆ ಮೇಡಂ, ನಾಲ್ಕು ಗಂಟೆ ಅನ್ನೋ ಗುರಿ ಮುಟ್ಟಬೇಕಾದರೆ ಅರ್ಧಕ್ಕಿಂತ ಜಾಸ್ತಿ ಅವರ ಕೈಯಲ್ಲಿದೆ, ಅಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು" ಅಂದರು. "ಹಾಗಿದ್ದರೆ ನಿಮ್ಮ ಪ್ರಕಾರ ಹೇಗಿಡೋಣ?"

ಆ ಕಡೆಯಿಂದ ಈ ಪ್ರಶ್ನೆ ಬಂದರೆ ಮಾತುಕತೆ ಬೇರೆ ಹಂತಕ್ಕೆ ಹೋಯಿತು ಅಂತ ಅರ್ಥ. ಅಲ್ಲಿಯವರೆಗೆ ಅವರು ಗುರಿ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಈಗ ಇಬ್ಬರೂ ಸೇರಿ ಒಂದು ಗುರಿ ಕಟ್ಟಲು ಶುರು ಮಾಡಿದೆವು. ನಾನು ಗುರಿಯನ್ನು ಎರಡು ಭಾಗ ಮಾಡಿ ಹೇಳಿದೆ. ಕೆಲಸದ ಹೊತ್ತಿನಲ್ಲಿ ಬರುವ ಟಿಕೆಟ್‌ಗಳಿಗೆ ಮೊದಲ ಉತ್ತರ ಮೂರು ಗಂಟೆಯಿಂದ ಎರಡಕ್ಕೆ, ಇದು ಪೂರ್ತಿ ನನ್ನ ಜವಾಬ್ದಾರಿ. ರಜೆಯ ಟಿಕೆಟ್‌ಗಳ ವಿಷಯದಲ್ಲಿ ಮೊದಲ ತಿಂಗಳ ಕೊನೆಗೆ ನಾನು ಒಂದು ವರದಿ ಕೊಡುತ್ತೇನೆ. ಯಾವ ಗಂಟೆಯಲ್ಲಿ ಎಷ್ಟು ಬರುತ್ತವೆ, ಅದರಲ್ಲಿ ಕಾಯಲು ಆಗದಂಥವು ಎಷ್ಟು, ಎಷ್ಟು ಜನ ಕೂತರೆ ಸಾಕು. ಅದನ್ನು ಆಪರೇಷನ್ಸ್ ಮುಂದೆ ಇಟ್ಟು ತೀರ್ಮಾನ ಮಾಡಿಸುವುದು ಮ್ಯಾನೇಜರ್ ಜವಾಬ್ದಾರಿ.

ಅವರು ಒಪ್ಪಿದರು. ಜೊತೆಗೆ ನನಗೆ ಹೊಳೆಯದ ಒಂದು ವಿಷಯ ಸೇರಿಸಿದರು. "ತಿಂಗಳ ಕೊನೆಯನ್ನು ಹಿಂದಿನ ತಿಂಗಳ ಕೊನೆ ಜೊತೆಗೇ ಹೋಲಿಸಬೇಕು. ಎಲ್ಲ ವ್ಯಾಪಾರಿಗಳೂ ಆಗಲೇ ಲೆಕ್ಕ ಮುಗಿಸೋದು. ನಡು ತಿಂಗಳ ವಾರದ ಜೊತೆ ಹೋಲಿಸಿದರೆ ಯಾರೇ ಲೀಡ್ ಆದರೂ ಸೋತ ಹಾಗೆ ಕಾಣುತ್ತೆ." 90 ದಿನದಲ್ಲಿ ತಿಂಗಳ ಕೊನೆ ಸಾಮಾನ್ಯವಾಗಿ ಮೂರು ಸಲ ಬರುತ್ತದೆ. ಪರಿಶೀಲನೆಯ ದಿನ ಅಂಥ ವಾರದ ಬೆನ್ನಿಗೇ ಬಿದ್ದರೆ ಅಂಕಿ ಕೆಟ್ಟದಾಗಿಯೇ ಕಾಣುತ್ತದೆ. ಆ ಮಾತು ಕೇಳಿದಾಗ ಇವರ ಕೈಕೆಳಗೆ ಕೆಲಸ ಮಾಡಬಹುದು ಅನ್ನಿಸಿತು.

ರೇಟಿಂಗ್ ವಿಷಯವನ್ನೂ ಅದೇ ಫೋನ್‌ನಲ್ಲಿ ಎತ್ತಿದೆ. ತಿಂಗಳಿಗೆ ಎಷ್ಟು ಜನ ರೇಟಿಂಗ್ ಕೊಡುತ್ತಾರೆ ಅಂತ ಕೇಳಿದೆ. "ಮೂವತ್ತರ ಹತ್ತಿರ" ಅಂದರು. ಮೂವತ್ತು ಜನರ ಸರಾಸರಿ 4.2 ಅಂದರೆ ಒಟ್ಟು 126 ಅಂಕ. ಐದು ಕೊಡುತ್ತಿದ್ದವರಲ್ಲಿ ಇಬ್ಬರು ಯಾವುದೋ ಬಿಲ್ ತಪ್ಪಾದ ಸಿಟ್ಟಿಗೆ ಒಂದು ಕೊಟ್ಟರೆ ಎಂಟು ಅಂಕ ಹೋಗಿ 118 ಆಗುತ್ತದೆ, ಸರಾಸರಿ 3.9ಕ್ಕೆ ಬೀಳುತ್ತದೆ. ಇಬ್ಬರ ಸಿಟ್ಟಿನಿಂದ ಇಷ್ಟು ಅಲ್ಲಾಡುವ ಅಂಕಿ 4.5 ಮುಟ್ಟಿತೋ ಇಲ್ಲವೋ ಅನ್ನುವುದು ಮೂರು ತಿಂಗಳಲ್ಲಿ ನನ್ನ ಕೆಲಸದ ಬಗ್ಗೆ ಏನೂ ಹೇಳುವುದಿಲ್ಲ. ರೇಟಿಂಗ್ ಅನ್ನು ಗುರಿಯಾಗಿ ಇಡುವುದು ಬೇಡ, ತಿಂಗಳಿಗೊಮ್ಮೆ ನೋಡೋಣ, ಕಡಿಮೆ ಅಂಕ ಕೊಟ್ಟ ಪ್ರತಿಯೊಬ್ಬರ ಟಿಕೆಟನ್ನೂ ಓದೋಣ ಅಂತ ತೀರ್ಮಾನವಾಯಿತು.

ಅದರ ಜಾಗದಲ್ಲಿ ಬೇರೆ ಒಂದನ್ನು ನಾನೇ ಸೇರಿಸಿದೆ. ಮೊದಲ ಉತ್ತರದ ಸಮಯವನ್ನು ಮಾತ್ರ ಅಳೆದರೆ ತಂಡದವರು "ನಿಮ್ಮ ಸಂದೇಶ ತಲುಪಿದೆ, ನೋಡುತ್ತಿದ್ದೇವೆ" ಅಂತ ಕಳಿಸಿ ಗಡಿಯಾರ ನಿಲ್ಲಿಸಲು ಕಲಿಯುತ್ತಾರೆ. ಅವರನ್ನು ದೂರುವಂತಿಲ್ಲ, ಅಳತೆಯೇ ಅದನ್ನು ಕೇಳುತ್ತದೆ. ಹಾಗಾಗಿ ಮುಗಿಯಿತು ಅಂತ ಮುಚ್ಚಿದ ಟಿಕೆಟ್‌ಗಳಲ್ಲಿ ಎಷ್ಟನ್ನು ಗ್ರಾಹಕರು ಮತ್ತೆ ತೆರೆಯುತ್ತಾರೆ ಅನ್ನುವುದನ್ನೂ ಪಕ್ಕದಲ್ಲಿ ಇಡೋಣ, ಅದು ಈಗಿರುವುದಕ್ಕಿಂತ ಏರಬಾರದು ಅಂದೆ. ವೇಗದ ಅಳತೆಯೊಂದಿದ್ದರೆ ಅದರ ಪಕ್ಕ ಗುಣದ ಅಳತೆಯೊಂದು ಇರಲೇಬೇಕು.

ಫೋನ್ ಇಡುವ ಮೊದಲು ಇನ್ನೊಂದು ಕೇಳಿದೆ. ಪ್ರೊಬೇಷನ್ ಮುಗಿಸುವ ಫಾರ್ಮ್ ತುಂಬುವುದು ಯಾರು, ಯಾವಾಗ? ನೇಮಕಾತಿ ಆರ್ಡರ್‌ನಲ್ಲಿ ಮೂರು ತಿಂಗಳು ಅಂತ ಇದ್ದರೂ ಎಚ್‌ಆರ್‌ನವರು ಮ್ಯಾನೇಜರ್ ಅಭಿಪ್ರಾಯವನ್ನು ಸಾಮಾನ್ಯವಾಗಿ ಅದಕ್ಕಿಂತ ಮುಂಚೆಯೇ ಕೇಳುತ್ತಾರೆ. ಇಲ್ಲಿ ಎರಡು ವಾರ ಮುಂಚೆ ಅಂದರು. ಮೊದಲ ವಾರಗಳು ಹೇಗೂ ಲಾಗಿನ್, ಅನುಮತಿ, ಟ್ರೈನಿಂಗ್ ಅಂತ ಹೋಗುತ್ತವೆ. ನಿಜವಾಗಿ ಏನಾದರೂ ಮಾಡಿ ತೋರಿಸಲು ಸಿಗುವುದು ನಡುವಿನ ಎರಡು ತಿಂಗಳು. 90 ದಿನ ಅನ್ನುವುದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ ನೋಡಿದಾಗಲೇ ಇದು ಕಾಣುವುದು.

ಆಫರ್ ಬಂತು. ಒಪ್ಪಿ ಬರೆದ ಮೇಲ್‌ನ ಕೊನೆಯಲ್ಲಿ ಫೋನ್‌ನಲ್ಲಿ ಮಾತಾಡಿದ್ದನ್ನು ಐದಾರು ಸಾಲಿನಲ್ಲಿ ಬರೆದೆ. "ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಬೇರೆ ಇದ್ದರೆ ತಿದ್ದಿ" ಅಂದೆ. ಅವರು ಒಂದು ಪದ ತಿದ್ದಿ "ಸರಿ" ಅಂತ ಉತ್ತರಿಸಿದರು. ಇದು ಆಫರ್ ಲೆಟರ್‌ನ ಭಾಗ ಅಲ್ಲ, ಕಾನೂನಿನ ಪ್ರಕಾರ ಕಂಪನಿಯನ್ನು ಕಟ್ಟಿಹಾಕುವಂಥದ್ದೂ ಅಲ್ಲ. ಆಫರ್ ಲೆಟರ್‌ನಲ್ಲೇ ಇದನ್ನು ಬರೆದುಕೊಡಿ ಅಂತ ಒತ್ತಾಯಿಸುವುದು ನನ್ನ ಮಟ್ಟದ ಕೆಲಸಕ್ಕೆ ಸರಿಯಲ್ಲ ಅನ್ನಿಸಿತು. ಮ್ಯಾನೇಜರ್ ಬದಲಾದರೆ ಹೊಸಬರು ಇದನ್ನು ಪಕ್ಕಕ್ಕಿಡಬಹುದು. ಆದರೂ ಮುಂದೆ ಮಾತಾಡುವಾಗ ಇಬ್ಬರೂ ತೆಗೆದು ನೋಡಬಹುದಾದ ಒಂದು ಬರಹ ಇರುತ್ತದೆ.

ಸೇರಿದ ಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಮೊದಲ ತಿಂಗಳು ಟಿಕೆಟ್ ತೆಗೆದುಕೊಂಡೆ, ರಜೆಯ ಟಿಕೆಟ್‌ಗಳನ್ನು ಗಂಟೆಗಂಟೆಗೆ ವಿಂಗಡಿಸಿದೆ. ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಒಂದು ದೊಡ್ಡ ಏರಿಕೆ ಕಂಡಿತು. ಭಾನುವಾರ ಬರುತ್ತಿದ್ದವು ಕಡಿಮೆ, ಹೆಚ್ಚಿನವು ಕಾಯಬಹುದಾದಂಥವು. ವರದಿ ಕೊಟ್ಟೆ. ಮ್ಯಾನೇಜರ್ ಅದನ್ನು ಆಪರೇಷನ್ಸ್‌ಗೆ ಒಯ್ದರು. ಅವರು ಭಾನುವಾರಕ್ಕೆ ಒಪ್ಪಲಿಲ್ಲ. ಶನಿವಾರ ಅರ್ಧ ದಿನ ಇಬ್ಬರನ್ನು ಕೂರಿಸಿ, ಅವರಿಗೆ ವಾರದ ನಡುವೆ ಅರ್ಧ ದಿನ ಬಿಡುವು ಕೊಡಲು ಒಪ್ಪಿದರು.

ಪರಿಶೀಲನೆಯ ಹೊತ್ತಿಗೆ ಕೆಲಸದ ದಿನಗಳ ಮೊದಲ ಉತ್ತರ ಎರಡು ಗಂಟೆಗೆ ಬಂದಿತ್ತು. ತಿಂಗಳ ಕೊನೆಯ ವಾರ ಮಾತ್ರ ಮೂರರ ಹತ್ತಿರ ಇತ್ತು, ಆದರೆ ಹಿಂದಿನ ತಿಂಗಳ ಕೊನೆಗಿಂತ ಕಡಿಮೆ. ಮತ್ತೆ ತೆರೆದ ಟಿಕೆಟ್‌ಗಳು ಏರಿರಲಿಲ್ಲ. ಎಲ್ಲ ಸೇರಿಸಿದ ಹಳೆಯ ಸರಾಸರಿಯನ್ನೂ ತೆಗೆದು ನೋಡಿದೆವು, ಅದು ಆರು ಗಂಟೆಯ ಆಸುಪಾಸಿನಲ್ಲಿತ್ತು. ಮೊದಲ ಮೇಲ್‌ನಲ್ಲಿ ಬರೆದಿದ್ದ ನಾಲ್ಕು ಗಂಟೆ ಹಾಗೇ ಉಳಿದಿದ್ದರೆ ಇದೇ ಕೆಲಸ "ಗುರಿ ಮುಟ್ಟಿಲ್ಲ" ಅಂತ ಫಾರ್ಮ್‌ನಲ್ಲಿ ದಾಖಲಾಗುತ್ತಿತ್ತು. ತಂಡ ಮಾಡಿದ್ದೂ ಅದೇ, ಸಿಕ್ಕ ಫಲವೂ ಅದೇ, ಅಳತೆ ಮಾತ್ರ ಬೇರೆ.

ಎಲ್ಲ ಕಡೆಯೂ ಹೀಗೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಇದಕ್ಕೂ ಮುಂಚೆ ಇನ್ನೊಂದು ಕಂಪನಿಗೆ ಇದೇ ರೀತಿ ಬರೆದಿದ್ದೆ. 90 ದಿನದಲ್ಲಿ ಹೊಸ ತಂಡ ಕಟ್ಟಿ ಕೆಲಸ ಶುರು ಮಾಡಿರಬೇಕು ಅಂತ ಉತ್ತರ ಬಂತು. ಆ ಜನರನ್ನು ತೆಗೆದುಕೊಳ್ಳಲು ಮಂಜೂರಾತಿ ಸಿಕ್ಕಿದೆಯಾ ಅಂತ ಕೇಳಿದೆ. "ಅದು ನೀವು ಬಂದ ಮೇಲೆ ನೋಡೋಣ" ಅಂದರು. ಜಾಹೀರಾತು, ಇಂಟರ್‌ವ್ಯೂ, ಆಫರ್, ನೋಟಿಸ್ ಅವಧಿ ಇಷ್ಟೂ ದಾಟಿ ಒಬ್ಬರು ಬಂದು ಕೂರುವುದಕ್ಕೇ ಮೂರು ತಿಂಗಳು ಬೇಕು. ಮಂಜೂರಾತಿಯೇ ಇಲ್ಲದಾಗ ಆ ಗುರಿ ಮುಟ್ಟುವುದು ಸಾಧ್ಯವೇ ಇರಲಿಲ್ಲ. ನಾನು ಮುಂದುವರಿಯಲಿಲ್ಲ.

"ಗುರಿಗಳನ್ನು ನೀವೇ ಬಂದು ಹಾಕಿಕೊಳ್ಳಿ" ಅನ್ನುವ ಉತ್ತರವೂ ಬರುತ್ತದೆ. ಹೊಚ್ಚ ಹೊಸ ಹುದ್ದೆಯಾದರೆ ಅದು ನಿಜವೇ ಇರಬಹುದು. ಆಗ ಪ್ರಶ್ನೆಯನ್ನು ತಿರುಗಿಸಿ, ಈ ಹುದ್ದೆ ಬೇಕು ಅಂತ ಯಾವ ತೊಂದರೆ ನೋಡಿ ತೀರ್ಮಾನಿಸಿದಿರಿ ಅಂತ ಕೇಳಬೇಕು. ಆ ತೊಂದರೆಯಲ್ಲೇ ಅಳತೆ ಇರುತ್ತದೆ. ಹಳೆಯ ಹುದ್ದೆಯಾಗಿದ್ದು ಹೀಗೆ ಹೇಳಿದರೆ, ಹಿಂದೆ ಇದ್ದವರನ್ನು ಯಾವುದರ ಮೇಲೆ ಅಳೆಯುತ್ತಿದ್ದಿರಿ ಅಂತ ಕೇಳುತ್ತೇನೆ. ಅದಕ್ಕೂ ಉತ್ತರ ಇಲ್ಲದಿದ್ದರೆ ನನಗೆ ಚಿಂತೆಯಾಗುತ್ತದೆ.

ಮೊದಲ ಸುತ್ತು ಮುಗಿದ ಕೂಡಲೇ ಇದನ್ನು ಕೇಳುವುದು ಬೇಡ. ಆಗ ಮಾತಾಡಿಸುವವರು ಹೆಚ್ಚಾಗಿ ಎಚ್‌ಆರ್‌ನವರು, ಅವರ ಹತ್ತಿರ ಈ ಅಂಕಿಗಳು ಇರುವುದಿಲ್ಲ. ಒಂದೇ ದಿನ ನೂರಾರು ಹೊಸಬರನ್ನು ತೆಗೆದುಕೊಳ್ಳುವ ಕಡೆಯೂ ಇದು ನಡೆಯುವುದಿಲ್ಲ, ಯಾವ ತಂಡಕ್ಕೆ ಹೋಗುತ್ತೀರಿ ಅಂತ ಅವರಿಗೇ ಗೊತ್ತಿರುವುದಿಲ್ಲ. ಮ್ಯಾನೇಜರ್ ಯಾರು ಅಂತ ತಿಳಿದ ಮೇಲೆ, ಆಫರ್‌ಗೆ ಒಪ್ಪಿಗೆ ಕೊಡುವ ಮೊದಲು, ಆ ನಡುವಿನ ದಿನಗಳೇ ಇದಕ್ಕೆ ಸರಿಯಾದ ಹೊತ್ತು.

ಈಗ ನನ್ನ ತಂಡಕ್ಕೆ ಜನ ತೆಗೆದುಕೊಳ್ಳುವಾಗ ಇಂಥ ಮೇಲ್ ನನಗೂ ಬರುತ್ತದೆ. ಉತ್ತರ ಬರೆಯುವ ಮೊದಲು ಕಳೆದ ಮೂರು ತಿಂಗಳ ಅಂಕಿ ತೆಗೆಯುತ್ತೇನೆ, ರಜೆಯದ್ದನ್ನು ಬೇರೆ ಮಾಡುತ್ತೇನೆ. ಪ್ರಾಡಕ್ಟ್‌ನವರಿಗೂ ಒಂದು ಫೋನ್ ಮಾಡಿ, "ಹೊಸಬರಿಂದ ಮೊದಲ ಮೂರು ತಿಂಗಳಲ್ಲಿ ನೀವು ಏನು ನಿರೀಕ್ಷೆ ಮಾಡ್ತೀರಿ" ಅಂತ ಕೇಳುತ್ತೇನೆ. ಅವರ ಮಾತು ನನ್ನ ಮಾತಿಗೆ ಹೊಂದದಿದ್ದರೆ ಮೊದಲು ನಾವಿಬ್ಬರು ಕೂತು ಮಾತಾಡಿ, ಆಮೇಲೆ ಅಭ್ಯರ್ಥಿಗೆ ಬರೆಯುತ್ತೇವೆ.